ಮಧ್ಯಾಂಕ ಸೂತ್ರದಲ್ಲಿ ಒಂದು, ಓಜೀವ್‌ನಲ್ಲಿ ಇನ್ನೊಂದು ಬಂದರೆ ತಪ್ಪು ಎಲ್ಲಿದೆ?

ಪ್ರಶ್ನೆ: ಮೇಡಂ, ನನ್ನ ಮಗ 10ನೇ ತರಗತಿ. ಸಂಖ್ಯಾಶಾಸ್ತ್ರದ ವರ್ಕ್‌ಶೀಟ್‌ನಲ್ಲಿ 50 ವಿದ್ಯಾರ್ಥಿಗಳ ಎತ್ತರ ಕೊಟ್ಟಿದ್ದಾರೆ, ಸೆಂಟಿಮೀಟರ್‌ನಲ್ಲಿ, ಹತ್ತಿರದ ಪೂರ್ಣ ಸಂಖ್ಯೆಗೆ. 136–140 ರಲ್ಲಿ 4 ಜನ, 141–145 ರಲ್ಲಿ 7, 146–150 ರಲ್ಲಿ 12, 151–155 ರಲ್ಲಿ 14, 156–160 ರಲ್ಲಿ 9, 161–165 ರಲ್ಲಿ 4. ಅವನಿಗೆ ಸರಾಸರಿ 150.9 ಬಂತು, ಉತ್ತರದ ಹಾಳೆಯಲ್ಲೂ ಅದೇ ಇದೆ. ಆದರೆ ಮಧ್ಯಾಂಕ ಅವನಿಗೆ 151.71, ಹಾಳೆಯಲ್ಲಿ 151.21. ಬಹುಲಕ ಅವನಿಗೆ 152.43, ಹಾಳೆಯಲ್ಲಿ 151.93. ಸಂಚಿತ ಆವೃತ್ತಿಯ ಗ್ರಾಫ್, ಅಂದರೆ ಓಜೀವ್ ಬರೆದು ನೋಡಿದರೆ ಮಧ್ಯಾಂಕ 148.7ರ ಹತ್ತಿರ ಬರುತ್ತದೆ. ಲೆಕ್ಕ ಮೂರು ಸಲ ತಿದ್ದಿದ್ದಾನೆ, ಗುಣಾಕಾರ ಭಾಗಾಕಾರ ಎಲ್ಲ ಸರಿ ಇದೆ. ಟ್ಯೂಷನ್‌ನಲ್ಲಿ 'ಗ್ರಾಫ್ ಅಂದ್ಮೇಲೆ ಅಂದಾಜೇ, ಸ್ವಲ್ಪ ಹೆಚ್ಚು ಕಡಿಮೆ ಬಂದ್ರೆ ಪರವಾಗಿಲ್ಲ' ಅಂದರಂತೆ. ಅದು ನಿಜವೇ? ಮತ್ತೆ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಬೇರೆ ಬೇರೆ ಬಂದಿವೆಯಲ್ಲ, ಇವುಗಳಲ್ಲಿ ಯಾವುದು ಸರಿ ಅಂತ ಅವನಿಗೆ ಗೊಂದಲ.

ಉತ್ತರ: ಉತ್ತರದ ಹಾಳೆ ಸರಿ ಇದೆ. ನಿಮ್ಮ ಮಗನ ಗುಣಾಕಾರ ಭಾಗಾಕಾರವೂ ಸರಿ ಇದೆ. ಅವನ ಹಾಳೆ ನೋಡದೇನೇ ಇಷ್ಟು ಧೈರ್ಯವಾಗಿ ಹೇಳಬಹುದು. ಏಕೆಂದರೆ ಎಷ್ಟು ವ್ಯತ್ಯಾಸ ಬಂದಿದೆ ಅನ್ನುವುದೇ ತಪ್ಪು ಎಲ್ಲಿದೆ ಅಂತ ತೋರಿಸಿಕೊಡುತ್ತಿದೆ. ಮಧ್ಯಾಂಕ, ಬಹುಲಕ ಎರಡೂ ಸರಿಯಾಗಿ 0.5 ಜಾಸ್ತಿ ಬಂದಿವೆ. ಓಜೀವ್‌ನಲ್ಲಿ ಓದಿದ್ದು 2.5 ಕಡಿಮೆ ಬಂದಿದೆ. ಇವು ಎರಡು ಬೇರೆ ಬೇರೆ ತಪ್ಪುಗಳು, ಒಂದಕ್ಕೊಂದು ಸಂಬಂಧವಿಲ್ಲ. ಮೊದಲನೆಯದು ವರ್ಗಾಂತರದ ಗಡಿಯದ್ದು. ಎರಡನೆಯದು ಚುಕ್ಕೆ ಇಡುವ ಜಾಗದ್ದು. ಉತ್ತರ ಪತ್ರಿಕೆ ತಿದ್ದುವಾಗ ಈ ಅಧ್ಯಾಯದಲ್ಲಿ ನನಗೆ ಅತಿ ಹೆಚ್ಚು ಸಿಗುವುದು ಇವೆರಡೇ.

ಮೊದಲು ಗಡಿಯ ವಿಷಯ. ಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಒಂದು ವರ್ಗ 150ಕ್ಕೆ ಮುಗಿಯುತ್ತದೆ, ಮುಂದಿನದು 151ರಿಂದ ಶುರು. ಮಧ್ಯೆ ಒಂದು ಸೆಂಟಿಮೀಟರ್ ಸಂದು ಇದೆ. ಹಾಗಾದರೆ 150.3 ಸೆಂ.ಮೀ. ಇರುವ ಹುಡುಗಿ ಎಲ್ಲಿಗೆ ಸೇರಿದಳು? ಅವಳ ಎತ್ತರವನ್ನು 150 ಅಂತ ಬರೆದುಕೊಂಡು 146–150ಕ್ಕೆ ಸೇರಿಸಿದ್ದಾರೆ. 150.7 ಇದ್ದವಳನ್ನು 151 ಅಂತ ಬರೆದು ಮುಂದಿನ ವರ್ಗಕ್ಕೆ ಹಾಕಿದ್ದಾರೆ. 'ಹತ್ತಿರದ ಪೂರ್ಣ ಸಂಖ್ಯೆಗೆ' ಅನ್ನುವ ಮಾತಿನ ಅರ್ಥ ಇದೇ. ಅಂದರೆ 151–155 ಅಂತ ಬರೆದಿರುವ ವರ್ಗ ನಿಜವಾಗಿ 150.5ರಿಂದ 155.5ರವರೆಗೆ ಹಬ್ಬಿದೆ. ಸಂದು ಕಾಣುವುದು ಬರವಣಿಗೆಯಲ್ಲಿ ಮಾತ್ರ, ಎತ್ತರದಲ್ಲಿ ಸಂದು ಇಲ್ಲ.

ಹಾಗಾಗಿ ಲೆಕ್ಕ ಶುರುಮಾಡುವ ಮೊದಲೇ ಪಟ್ಟಿಯನ್ನು ಹೀಗೆ ಮತ್ತೆ ಬರೆದುಕೊಳ್ಳಬೇಕು:

| ಎತ್ತರ (ಸೆಂ.ಮೀ.) | ನಿಜ ಗಡಿ | ಆವೃತ್ತಿ | ಸಂಚಿತ ಆವೃತ್ತಿ | ಮಧ್ಯಬಿಂದು |
|---|---|---|---|---|
| 136–140 | 135.5–140.5 | 4 | 4 | 138 |
| 141–145 | 140.5–145.5 | 7 | 11 | 143 |
| 146–150 | 145.5–150.5 | 12 | 23 | 148 |
| 151–155 | 150.5–155.5 | 14 | 37 | 153 |
| 156–160 | 155.5–160.5 | 9 | 46 | 158 |
| 161–165 | 160.5–165.5 | 4 | 50 | 163 |

ನಿಮ್ಮ ಮಗ ಸೂತ್ರದಲ್ಲಿ ಕೆಳಮಿತಿ l ಇರುವ ಜಾಗಕ್ಕೆ 151 ಹಾಕಿದ್ದಾನೆ, 150.5 ಹಾಕಬೇಕಿತ್ತು. ಮಧ್ಯಾಂಕದ ಸೂತ್ರವೂ ಬಹುಲಕದ ಸೂತ್ರವೂ l ಇಂದಲೇ ಶುರುವಾಗುತ್ತವೆ. ಶುರುವಲ್ಲೇ ಅರ್ಧ ಸೆಂಟಿಮೀಟರ್ ಮುಂದೆ ನಿಂತರೆ ಉತ್ತರವೂ ಅಷ್ಟೇ ಮುಂದೆ ಹೋಗುತ್ತದೆ. ಅದಕ್ಕೇ ಎರಡೂ ಕಡೆ ಅಷ್ಟು ಕರಾರುವಾಕ್ಕಾಗಿ 0.5 ಜಾಸ್ತಿ.

ಸರಾಸರಿ ಮಾತ್ರ ಹೇಗೆ ಸರಿ ಬಂತು ಅಂತ ಕೇಳಬಹುದು. ಸರಾಸರಿಯ ಲೆಕ್ಕಕ್ಕೆ ಗಡಿ ಬೇಕಿಲ್ಲ, ಮಧ್ಯಬಿಂದು ಸಾಕು. 151 ಮತ್ತು 155ರ ನಡುವೆ 153. 150.5 ಮತ್ತು 155.5ರ ನಡುವೆಯೂ 153. ಕೆಳಗೆ ಅರ್ಧ ಇಳಿಸಿ ಮೇಲೆ ಅರ್ಧ ಏರಿಸಿದರೆ ನಡುವಿನ ಬಿಂದು ಕದಲುವುದಿಲ್ಲ. ಹಾಗಾಗಿ ಗಡಿ ಮರೆತವರಿಗೂ ಸರಾಸರಿ ಸರಿಯಾಗೇ ಬರುತ್ತದೆ. ಮಕ್ಕಳು ಮೋಸ ಹೋಗುವುದೂ ಇಲ್ಲೇ. ವರ್ಕ್‌ಶೀಟ್‌ನ ಮೊದಲ ಉತ್ತರ ಹೊಂದಿಕೊಂಡಿತಲ್ಲ, ಪಟ್ಟಿ ಸರಿಯಾಗಿಯೇ ಓದಿದ್ದೇನೆ ಅಂದುಕೊಂಡು ಮುಂದೆ ಹೋಗುತ್ತಾರೆ.

ಇದೇ ಜಾಗದಲ್ಲಿ ಇನ್ನೊಂದು ತಪ್ಪೂ ಆಗುತ್ತದೆ. 155ರಿಂದ 151 ಕಳೆದು ವರ್ಗಾಂತರದ ಗಾತ್ರ h = 4 ಅಂತ ಹಾಕುವವರಿದ್ದಾರೆ. ಗಾತ್ರ 5. 151, 152, 153, 154, 155 ಅಂತ ಐದು ಬೆಲೆಗಳು ಇದರಲ್ಲಿವೆ, ನಿಜ ಗಡಿಗಳನ್ನು ಕಳೆದರೂ ಐದೇ ಬರುತ್ತದೆ. ನಿಮ್ಮ ಮಗ ಈ ತಪ್ಪು ಮಾಡಿಲ್ಲ. ಮಾಡಿದ್ದರೆ ಮಧ್ಯಾಂಕ 151.57 ಬರುತ್ತಿತ್ತು, ಬಹುಲಕ 152.14. ಆಗ ಉತ್ತರದ ಹಾಳೆಗೂ ಅವನಿಗೂ ಇರುವ ವ್ಯತ್ಯಾಸ ಎರಡು ಕಡೆ ಎರಡು ಥರ ಇರುತ್ತಿತ್ತು. ಎರಡೂ ಕಡೆ ಒಂದೇ ಅರ್ಧ ಬಂದಿರುವುದರಿಂದಲೇ ತಪ್ಪು l ನಲ್ಲಿ ಮಾತ್ರ ಅಂತ ಗೊತ್ತಾಗುತ್ತದೆ.

ಈಗ ಮಧ್ಯಾಂಕ. ಸೂತ್ರ ಇದು:

ಮಧ್ಯಾಂಕ = l + [(n/2 − cf) / f] × h

ಇಲ್ಲಿ n ಅಂದರೆ ಒಟ್ಟು ಜನ 50, cf ಅಂದರೆ ಹಿಂದಿನ ವರ್ಗದವರೆಗಿನ ಸಂಚಿತ ಆವೃತ್ತಿ 23, f ಅಂದರೆ ಈ ವರ್ಗದ ಆವೃತ್ತಿ 14. ಇದನ್ನು ಬಾಯಿಪಾಠ ಮಾಡಿ ಬೆಲೆ ತುಂಬಿದರೆ ಉತ್ತರ ಬರುತ್ತದೆ, ನಿಜ. ಆದರೆ ಸೂತ್ರ ಏನು ಮಾಡುತ್ತಿದೆ ಅಂತ ಒಂದು ಸಲ ನೋಡಿಬಿಟ್ಟರೆ ಓಜೀವ್ ಕೂಡ ತಾನಾಗಿ ಅರ್ಥವಾಗುತ್ತದೆ. 50 ಜನರನ್ನೂ ಕುಳ್ಳರಿಂದ ಎತ್ತರದವರವರೆಗೆ ಸಾಲಾಗಿ ನಿಲ್ಲಿಸಿದ್ದೇವೆ. ಅರ್ಧ ಅಂದರೆ 25. 150.5 ಸೆಂ.ಮೀ. ಗಡಿ ತಲುಪುವ ಹೊತ್ತಿಗೆ 23 ಜನ ಹಿಂದೆ ಉಳಿದಿದ್ದಾರೆ. ಇನ್ನು ಇಬ್ಬರನ್ನು ದಾಟಬೇಕು. ಈ ವರ್ಗದಲ್ಲಿ 14 ಜನ ಇದ್ದಾರೆ, ಅವರು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಪಟ್ಟಿ ಹೇಳುವುದಿಲ್ಲ. ಅದಕ್ಕೇ ಸೂತ್ರ ಒಂದು ಊಹೆ ಮಾಡಿಕೊಳ್ಳುತ್ತದೆ. ಆ 14 ಜನ 5 ಸೆಂಟಿಮೀಟರ್ ಉದ್ದಕ್ಕೆ ಸಮನಾಗಿ ಹರಡಿಕೊಂಡಿದ್ದಾರೆ ಅಂತ. ಹಾಗಾದರೆ ಒಬ್ಬೊಬ್ಬರ ಪಾಲು 5/14, ಅಂದರೆ ಸುಮಾರು 0.36 ಸೆಂ.ಮೀ. ಇಬ್ಬರನ್ನು ದಾಟಿದರೆ 0.71. ಅದನ್ನು 150.5ಕ್ಕೆ ಕೂಡಿಸಿದರೆ 151.21. ಮುಗಿಯಿತು.

ಇಲ್ಲಿ ಒಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ. 'ಹಿಂದಿನ ತರಗತಿಗಳಲ್ಲಿ (n+1)/2 ಅಂತ ಹೇಳಿಕೊಟ್ಟಿದ್ರಲ್ಲ ಮಿಸ್, ಇಲ್ಲಿ ಯಾಕೆ ಬರೀ n/2?' ಕೇಳಬೇಕಾದ ಪ್ರಶ್ನೆಯೇ. ಬಿಡಿ ಬಿಡಿ ಬೆಲೆಗಳಿದ್ದಾಗ ನಾವು ಒಬ್ಬ ವಿದ್ಯಾರ್ಥಿಯನ್ನು ಬೊಟ್ಟು ಮಾಡಿ ತೋರಿಸುತ್ತೇವೆ. 50 ಜನ ಇದ್ದರೆ ನಡುವಿನವರು 25ನೆಯವರು ಮತ್ತು 26ನೆಯವರು, ಅವರಿಬ್ಬರ ಸರಾಸರಿ ತೆಗೆದುಕೊಳ್ಳುತ್ತೇವೆ. ವರ್ಗೀಕರಿಸಿದ ಪಟ್ಟಿಯಲ್ಲಿ ನಾವು ಹುಡುಕುವುದು ವ್ಯಕ್ತಿಯನ್ನಲ್ಲ, ಗುಂಪನ್ನು ಎರಡು ಸಮಪಾಲು ಮಾಡುವ ಗೆರೆಯನ್ನು. ಪ್ರತಿಯೊಬ್ಬರಿಗೂ 0.36 ಸೆಂ.ಮೀ. ಪಾಲು ಕೊಟ್ಟಿದ್ದೇವೆ ಅಲ್ವಾ? 25ನೆಯವರ ಪಾಲು ಮುಗಿದು 26ನೆಯವರ ಪಾಲು ಶುರುವಾಗುವ ಗೆರೆಯೇ ನಡು. ಅದು 25ರಲ್ಲಿದೆ. 25.5 ಹಾಕಿದರೆ 26ನೆಯವರ ಪಾಲಿನ ಮಧ್ಯಕ್ಕೆ ಹೋಗಿ ನಿಂತಂತೆ, ಉತ್ತರ 151.39 ಆಗುತ್ತದೆ.

ಓಜೀವ್ ವಿಷಯಕ್ಕೆ ಬರೋಣ. ನಿಮ್ಮ ಮಗನಿಗೆ 2.5 ಕಡಿಮೆ ಬಂದಿದೆ. ವರ್ಗಾಂತರದ ಗಾತ್ರ 5, ಅದರ ಅರ್ಧ 2.5. ಅಂದರೆ ಅವನು ಚುಕ್ಕೆಗಳನ್ನು ಮಧ್ಯಬಿಂದುವಿನ ಮೇಲೆ ಇಟ್ಟಿದ್ದಾನೆ. 148ರ ಮೇಲೆ 23, 153ರ ಮೇಲೆ 37, ಹೀಗೆ. ಇದು ಯಾಕೆ ಆಗುತ್ತದೆ ಅಂತಲೂ ಗೊತ್ತು. ಅದೇ ವರ್ಕ್‌ಶೀಟ್‌ನಲ್ಲಿ ಸರಾಸರಿಗೆ ಅಂತ ಮಧ್ಯಬಿಂದುಗಳ ಕಂಬಸಾಲು ಆಗಲೇ ಬರೆದಿಟ್ಟಿರುತ್ತಾರೆ. ಗ್ರಾಫ್‌ಗೆ x ಬೆಲೆ ಬೇಕು ಅಂದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಜೊತೆಗೆ 9ನೇ ತರಗತಿಯಲ್ಲಿ ಆವೃತ್ತಿ ಬಹುಭುಜಾಕೃತಿ ಬರೆಯುವಾಗ ಮಧ್ಯಬಿಂದುವಿನ ಮೇಲೇ ಚುಕ್ಕೆ ಇಟ್ಟ ಅಭ್ಯಾಸ ಬೇರೆ. ಅಲ್ಲಿ ಅದು ಸರಿ, ಇಲ್ಲಿ ತಪ್ಪು.

ಕಾರಣ ಸರಳ. ಸಂಚಿತ ಆವೃತ್ತಿ 23 ಅನ್ನುವುದು ಒಂದು ಹೇಳಿಕೆ. 'ಇಲ್ಲಿಯವರೆಗೆ 23 ಜನ ಮುಗಿದರು.' ಎಲ್ಲಿಯವರೆಗೆ? 148ರವರೆಗೆ ಅಂತ ಹೇಳಲು ಆಗುವುದಿಲ್ಲ. ಮೂರನೇ ವರ್ಗದ 12 ಜನರಲ್ಲಿ 148 ದಾಟಿದವರೂ ಇರಬಹುದು. 150.5 ತಲುಪಿದ ಮೇಲಷ್ಟೇ 23 ಜನರೂ ಹಿಂದೆ ಉಳಿದರು ಅಂತ ಖಾತ್ರಿಯಾಗಿ ಹೇಳಬಹುದು. ಆದ್ದರಿಂದ ಕಡಿಮೆ ವಿಧಾನದ ಓಜೀವ್‌ನಲ್ಲಿ ಚುಕ್ಕೆ ಇಡುವುದು ಯಾವಾಗಲೂ ಮೇಲಿನ ಗಡಿಯ ಮೇಲೆ. ಅಧಿಕ ವಿಧಾನದಲ್ಲಿ ಕೆಳಗಿನ ಗಡಿಯ ಮೇಲೆ, ಏಕೆಂದರೆ ಅಲ್ಲಿ ಹೇಳಿಕೆ 'ಇಲ್ಲಿಂದ ಮುಂದೆ ಇಷ್ಟು ಜನ ಇದ್ದಾರೆ' ಅನ್ನುವುದು.

ಬರೆಯುವ ಕ್ರಮವನ್ನು ಅವನಿಗೆ ಹೀಗೆ ತೋರಿಸಿ. ಮಾಮೂಲಿ ಗ್ರಾಫ್ ಹಾಳೆ ಸಾಕು. ಅಡ್ಡ ಅಕ್ಷದಲ್ಲಿ ಒಂದು ವರ್ಗಕ್ಕೆ 2 ಸೆಂ.ಮೀ. ಕೊಡಲಿ, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 5 ವಿದ್ಯಾರ್ಥಿಗಳು. ಆಗ ಚಿತ್ರ 12 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರಕ್ಕೆ ಚೆನ್ನಾಗಿ ಕೂರುತ್ತದೆ. ಅಡ್ಡ ಅಕ್ಷದ ದಪ್ಪ ಗೆರೆಗಳ ಮೇಲೆ 135, 140, 145 ಅಂತ ಗುರುತು ಹಾಕಿಕೊಂಡು ಆಮೇಲೆ 140.5ನ್ನು ಹುಡುಕುವ ಕಷ್ಟ ಬೇಡ. ನೇರವಾಗಿ 135.5, 140.5, 145.5 ಅಂತ ಗಡಿಗಳನ್ನೇ ದಪ್ಪ ಗೆರೆಗಳ ಮೇಲೆ ಬರೆಯಲಿ. ಚುಕ್ಕೆ ತಪ್ಪುವ ಸಂಭವ ಅರ್ಧಕ್ಕರ್ಧ ಅಲ್ಲೇ ಕಡಿಮೆಯಾಗುತ್ತದೆ. ಅಕ್ಷ ಸೊನ್ನೆಯಿಂದ ಶುರುವಾಗದೆ 135.5ಕ್ಕೆ ಹಾರಿರುವುದರಿಂದ ಮೂಲಬಿಂದುವಿನ ಹತ್ತಿರ ಗೆರೆಯನ್ನು ಸ್ವಲ್ಪ ಅಂಕುಡೊಂಕು ಮಾಡಿ ತೋರಿಸಬೇಕು. ಎರಡು ಅಕ್ಷಗಳ ಸ್ಕೇಲನ್ನೂ ಮೂಲೆಯಲ್ಲಿ ಬರೆಯಬೇಕು.

ಚುಕ್ಕೆಗಳು ಇವು: (135.5, 0), (140.5, 4), (145.5, 11), (150.5, 23), (155.5, 37), (160.5, 46), (165.5, 50). ಮೊದಲನೆಯದನ್ನು ತುಂಬಾ ಮಕ್ಕಳು ಬಿಟ್ಟುಬಿಡುತ್ತಾರೆ, ಪಟ್ಟಿಯಲ್ಲಿ ಅದು ಇಲ್ಲವಲ್ಲ. 135.5ಕ್ಕಿಂತ ಕಡಿಮೆ ಎತ್ತರದವರು ಯಾರೂ ಇಲ್ಲ, ಅದಕ್ಕೇ 0. ಗೆರೆ ಅಲ್ಲಿಂದಲೇ ಹೊರಡಬೇಕು. ಕೆಲವರು ಮೂಲಬಿಂದುವಿನಿಂದಲೇ ಗೆರೆ ಎಳೆದುಬಿಡುತ್ತಾರೆ, ಅದು ತಪ್ಪು.

ಚುಕ್ಕೆಗಳನ್ನು ಕೈಯಿಂದ ನಯವಾಗಿ ಸೇರಿಸಿ. ವಕ್ರರೇಖೆ ಪ್ರತಿ ಚುಕ್ಕೆಯ ಮೂಲಕವೂ ಹೋಗಬೇಕು, ಎಲ್ಲೂ ಕೆಳಗೆ ಇಳಿಯಬಾರದು. ಜನರನ್ನು ಕೂಡಿಸುತ್ತಾ ಹೋಗುವಾಗ ಮೊತ್ತ ಕಡಿಮೆ ಆಗುವುದು ಸಾಧ್ಯವೇ ಇಲ್ಲ. ಗೆರೆ ಎಲ್ಲಾದರೂ ಇಳಿದಿದ್ದರೆ ಸಂಚಿತ ಆವೃತ್ತಿಯ ಬದಲು ಬರೀ ಆವೃತ್ತಿಯನ್ನೇ ಇಟ್ಟಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಈಗ ಲಂಬ ಅಕ್ಷದ 25ರಿಂದ ಅಡ್ಡ ಗೆರೆ ಎಳೆದು, ವಕ್ರರೇಖೆ ಮುಟ್ಟಿದ ಕಡೆ ಕೆಳಕ್ಕೆ ಲಂಬ ಇಳಿಸಿ. ಅದು 150.5ರ ದಪ್ಪ ಗೆರೆಯಿಂದ ಮೂರು ಸಣ್ಣ ಚೌಕ ಬಲಕ್ಕೆ ಬೀಳಬೇಕು. ನಮ್ಮ ಸ್ಕೇಲ್‌ನಲ್ಲಿ ಒಂದು ಸಣ್ಣ ಚೌಕ, ಅಂದರೆ 1 ಮಿ.ಮೀ., 0.25 ಸೆಂ.ಮೀ. ಎತ್ತರಕ್ಕೆ ಸಮ. ಮೂರು ಚೌಕ ಅಂದರೆ 0.75. ಹಾಗಾಗಿ 151.25 ಅಂತ ಓದುತ್ತೇವೆ. ಸೂತ್ರದಲ್ಲಿ ಬಂದದ್ದು 151.21.

ಟ್ಯೂಷನ್‌ನಲ್ಲಿ ಹೇಳಿದ 'ಅಂದಾಜು' ಇಷ್ಟು ಮಾತ್ರ. 0.04 ಆಗಬಹುದು, ಪೆನ್ಸಿಲ್ ಮೊಂಡಾಗಿದ್ದರೆ ಒಂದು ಚೌಕ ಆಚೀಚೆ ಆಗಬಹುದು. 2.5 ಅಂದರೆ ಹತ್ತು ಚೌಕ, ಹಾಳೆಯ ಮೇಲೆ ಪೂರ್ತಿ ಒಂದು ಸೆಂಟಿಮೀಟರ್. ಯಾರ ಕೈಯೂ ಅಷ್ಟು ನಡುಗುವುದಿಲ್ಲ. ಸೂತ್ರವೂ ಗ್ರಾಫೂ ಬೇರೆ ಬೇರೆ ವಿಧಾನ ಅನ್ನುವ ಭಾವನೆ ಮಕ್ಕಳಲ್ಲಿದೆ, ಅದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸವನ್ನೂ ಒಪ್ಪಿಕೊಂಡುಬಿಡುತ್ತಾರೆ. ನಿಜದಲ್ಲಿ ಅವು ಒಂದೇ. (150.5, 23) ಮತ್ತು (155.5, 37) ಚುಕ್ಕೆಗಳನ್ನು ಸ್ಕೇಲ್ ಇಟ್ಟು ಸರಳರೇಖೆಯಿಂದ ಸೇರಿಸಿದರೆ, ಆ ಗೆರೆ 25ರ ಎತ್ತರ ಮುಟ್ಟುವ ಜಾಗವೇ ಮಧ್ಯಾಂಕದ ಸೂತ್ರ. 14 ಜನ ಏರಲು 5 ಸೆಂ.ಮೀ. ಬೇಕಾದರೆ ಇಬ್ಬರಿಗೆ ಎಷ್ಟು ಅನ್ನುವ ತ್ರೈರಾಶಿ, ಅಷ್ಟೇ. ವಕ್ರವಾಗಿ ಎಳೆದಾಗ ಸರಳರೇಖೆಯಿಂದ ಕೂದಲೆಳೆಯಷ್ಟು ಸರಿಯುತ್ತದೆ, ಅದು ಬಿಟ್ಟರೆ ಎರಡೂ ಹೊಂದಲೇಬೇಕು.

ಹೊಂದದಿದ್ದರೆ ವ್ಯತ್ಯಾಸವನ್ನು ಅಳೆಯಿರಿ. ಇಲ್ಲಿ ಅರ್ಧ ವರ್ಗದಷ್ಟು, 2.5 ಕಡಿಮೆ ಬಂದರೆ ಮಧ್ಯಬಿಂದು ಬಳಸಿದ್ದಾರೆ. 0.5 ಮಾತ್ರ ಕಡಿಮೆ ಬಂದು 150.7 ಅಂತ ಓದಿದರೆ ಮೇಲಿನ ಮಿತಿ ಸರಿಯಾಗಿಯೇ ಆರಿಸಿದ್ದಾರೆ, ಆದರೆ 150.5ರ ಬದಲು 150ರ ಮೇಲೆ ಚುಕ್ಕೆ ಇಟ್ಟಿದ್ದಾರೆ. ಪೂರ್ತಿ ಒಂದು ವರ್ಗದಷ್ಟು ಕಡಿಮೆ, ಅಂದರೆ 146.2ರ ಹತ್ತಿರ ಬಂದರೆ ಕೆಳಗಿನ ಗಡಿಯ ಮೇಲೆ ಇಟ್ಟಿದ್ದಾರೆ. ನಾನು ತಿದ್ದುವಾಗ ಚುಕ್ಕೆಗಳನ್ನು ಒಂದೊಂದಾಗಿ ನೋಡುವ ಮೊದಲು ಈ ವ್ಯತ್ಯಾಸವನ್ನೇ ನೋಡುತ್ತೇನೆ.

ಅಧಿಕ ವಿಧಾನದ ಓಜೀವ್ ಕೂಡ ಅದೇ ಹಾಳೆಯ ಮೇಲೆ ಬರೆಯಿಸಿ. 135.5ರಲ್ಲಿ 50, ಆಮೇಲೆ 46, 39, 27, 13, 4, ಕೊನೆಗೆ 165.5ರಲ್ಲಿ 0. ಯಾವುದೇ ಗಡಿಯ ಮೇಲೆ ಎರಡು ವಕ್ರರೇಖೆಗಳ ಎತ್ತರ ಕೂಡಿಸಿದರೂ 50 ಬರಬೇಕು. 150.5ರಲ್ಲಿ 23 ಮತ್ತು 27, ನೋಡಿ. ಒಂದು ಕಡೆ 50 ಬರದಿದ್ದರೆ ಅಲ್ಲಿ ಕೂಡುವುದರಲ್ಲೋ ಕಳೆಯುವುದರಲ್ಲೋ ತಪ್ಪಿದೆ. ಮೊತ್ತ ಎಲ್ಲೆಡೆ 50 ಆದ್ದರಿಂದಲೇ ಎರಡು ಗೆರೆಗಳು ಕತ್ತರಿಸುವುದು 25ರ ಎತ್ತರದಲ್ಲಿ, ಅಲ್ಲಿಂದ ಇಳಿಸಿದ ಲಂಬ ಅದೇ 151.2ಕ್ಕೆ ಬೀಳುತ್ತದೆ. ಪ್ರಶ್ನೆಯಲ್ಲಿ ಒಂದೇ ಓಜೀವ್ ಕೇಳಿದ್ದರೆ ಒಂದೇ ಸಾಕು, ಪರೀಕ್ಷೆಯಲ್ಲಿ ಎರಡನೆಯದಕ್ಕೆ ಸಮಯ ಹಾಳುಮಾಡುವುದು ಬೇಡ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಾತ್ರ ಇದರಷ್ಟು ಒಳ್ಳೆಯ ತಾಳೆ ಇನ್ನೊಂದಿಲ್ಲ.

ಬಹುಲಕಕ್ಕೆ ಬರೋಣ. 14 ಅತಿ ಹೆಚ್ಚು, ಹಾಗಾಗಿ ಬಹುಲಕ 14 ಅಂತ ಬರೆಯುವ ಮಕ್ಕಳಿದ್ದಾರೆ. 14 ಜನರ ಸಂಖ್ಯೆ, ಬಹುಲಕ ಎತ್ತರ, ಸೆಂಟಿಮೀಟರ್‌ನಲ್ಲೇ ಬರಬೇಕು. ಸೂತ್ರ:

ಬಹುಲಕ = l + [(f₁ − f₀) / (2f₁ − f₀ − f₂)] × h

ಇಲ್ಲಿ f₁ ಅಂದರೆ 14, ಅದರ ಹಿಂದಿನ ವರ್ಗದ f₀ = 12, ಮುಂದಿನ ವರ್ಗದ f₂ = 9. ಸೂತ್ರ ನೋಡಿದರೆ ಹೆದರಿಕೆಯಾಗುತ್ತದೆ, ಒಳಗಿರುವುದು ಸಣ್ಣ ಮಾತು. ಹಿಂದಿನ ವರ್ಗಕ್ಕಿಂತ ಇದು 2 ಜಾಸ್ತಿ, ಮುಂದಿನ ವರ್ಗಕ್ಕಿಂತ 5 ಜಾಸ್ತಿ. ಆ 5 ಸೆಂ.ಮೀ. ಉದ್ದವನ್ನು 2:5 ಪ್ರಮಾಣದಲ್ಲಿ ಭಾಗ ಮಾಡಬೇಕು. ಏಳು ಪಾಲಿನಲ್ಲಿ ಎರಡು ಪಾಲು, 1.43 ಸೆಂ.ಮೀ. 150.5ಕ್ಕೆ ಕೂಡಿಸಿ, 151.93. ಎಡಗಡೆಯ ವರ್ಗದಲ್ಲಿ ಜನ ಜಾಸ್ತಿ ಇದ್ದಾರೆ, ಅದಕ್ಕೇ ಬಹುಲಕ 153ರ ನಡುವೆ ನಿಲ್ಲದೆ ಎಡಕ್ಕೆ ಜರುಗಿದೆ. ಉತ್ತರ ಬಂದ ಮೇಲೆ ಅದು ಹೆಚ್ಚು ಜನ ಇರುವ ನೆರೆಯ ಕಡೆಗೆ ವಾಲಿದೆಯೇ ಅಂತ ನೋಡಿದರೆ f₀, f₂ ಅದಲು ಬದಲಾಗಿದ್ದು ತಕ್ಷಣ ಗೊತ್ತಾಗುತ್ತದೆ. ಅತಿ ಹೆಚ್ಚು ಆವೃತ್ತಿ ಮೊದಲ ವರ್ಗದಲ್ಲೇ ಇದ್ದರೆ f₀ ಸೊನ್ನೆ, ಕೊನೆಯದರಲ್ಲಿದ್ದರೆ f₂ ಸೊನ್ನೆ. ವರ್ಗಗಳ ಗಾತ್ರ ಸಮ ಇಲ್ಲದಿದ್ದರೆ ಈ ಸೂತ್ರ ಹಾಗೆಯೇ ಬಳಸುವಂತಿಲ್ಲ.

ಇನ್ನು ಅವನ ದೊಡ್ಡ ಗೊಂದಲ. 150.9, 151.21, 151.93, ಇವುಗಳಲ್ಲಿ ಯಾವುದು ಸರಿ? ಮೂರೂ ಸರಿ. ಮೂರೂ ಒಂದೇ ಬರಬೇಕು ಅನ್ನುವುದು ತಪ್ಪು ಕಲ್ಪನೆ. ಸರಾಸರಿ ಒಟ್ಟು ಎತ್ತರವನ್ನು ಸಮನಾಗಿ ಹಂಚಿದರೆ ಎಷ್ಟು ಅನ್ನುತ್ತದೆ, ಮಧ್ಯಾಂಕ ಅರ್ಧ ಜನರ ಗೆರೆ ಎಲ್ಲಿ ಅನ್ನುತ್ತದೆ, ಬಹುಲಕ ಜನ ಎಲ್ಲಿ ಹೆಚ್ಚು ಒತ್ತಾಗಿದ್ದಾರೆ ಅನ್ನುತ್ತದೆ. ಆಚೀಚೆ ಎರಡೂ ಕಡೆ ಪಟ್ಟಿ ತಾಳೆಯಾಗುವಂತಿದ್ದರೆ ಮೂರೂ ಒಂದೇ ಜಾಗಕ್ಕೆ ಬರುತ್ತಿದ್ದವು. ನಿಮ್ಮ ಪಟ್ಟಿಯಲ್ಲಿ ಹಾಗಿಲ್ಲ. 14 ಇರುವ ವರ್ಗದ ಕೆಳಗೆ ಮೂರು ವರ್ಗ, ಮೇಲೆ ಎರಡೇ. ಕುಳ್ಳರ ಕಡೆಗೆ ಬಾಲ ಸ್ವಲ್ಪ ಉದ್ದ. ಆ ಬಾಲ ಸರಾಸರಿಯನ್ನು ಕೆಳಕ್ಕೆ ಎಳೆದಿದೆ, ಬಹುಲಕವನ್ನು ಮುಟ್ಟಿಲ್ಲ, ಮಧ್ಯಾಂಕ ನಡುವೆ ನಿಂತಿದೆ.

ಕಾರ್ಲ್ ಪಿಯರ್ಸನ್ ಅವರ ಹೆಸರಿನ ಜೊತೆ ಕೇಳಿಬರುವ ಒಂದು ಸಂಬಂಧ ಇದೆ, ನಿಮ್ಮ ಮಗನಿಗೂ ಹೇಳಿಕೊಟ್ಟಿರುತ್ತಾರೆ. ಬಹುಲಕ = 3 × ಮಧ್ಯಾಂಕ − 2 × ಸರಾಸರಿ. ಇಲ್ಲಿ ಹಾಕಿ ನೋಡಿದರೆ 151.8 ಬರುತ್ತದೆ, ನಮ್ಮ 151.93ಕ್ಕೆ ಹತ್ತಿರ. ಹತ್ತಿರ ಅಷ್ಟೇ. ಒಂದೇ ಕಡೆ ಏರಿ ಒಂದೇ ಕಡೆ ಇಳಿಯುವ, ಹೆಚ್ಚು ವಾಲದ ಪಟ್ಟಿಗಳಲ್ಲಿ ಕಂಡುಬಂದ ಅನುಭವದ ಸಂಬಂಧ ಇದು, ಪ್ರಮೇಯ ಅಲ್ಲ. ಪ್ರಶ್ನೆಯಲ್ಲೇ ಇದನ್ನು ಬಳಸಿ ಅಂದಿದ್ದರೆ ಬಳಸಲಿ. ಪಟ್ಟಿ ಕೊಟ್ಟು ಬಹುಲಕ ಕೇಳಿದಾಗ ಇದನ್ನು ಹಾಕಿದರೆ ಅಂಕ ಹೋಗುತ್ತದೆ. ತಪ್ಪು ಹುಡುಕಲು ಸಹ ಇದನ್ನು ಪೂರ್ತಿ ನಂಬುವಂತಿಲ್ಲ, ಯಾಕೆ ಅಂದರೆ ಹೊಂದದಿದ್ದರೂ ಮೂರು ಉತ್ತರ ಸರಿ ಇರಬಹುದು.

ಇನ್ನೊಂದು ವಿಷಯವನ್ನು ಅವನಿಗೆ ಖಂಡಿತ ಹೇಳಿ. ಈ ಮೂರು ಉತ್ತರಗಳೂ ಪಟ್ಟಿಯಿಂದ ತೆಗೆದ ಅಂದಾಜುಗಳು. 50 ಜನರ ಒಂದೊಂದು ಎತ್ತರ ನಮ್ಮ ಕೈಯಲ್ಲಿಲ್ಲ, ಪಟ್ಟಿ ಮಾಡಿದಾಗಲೇ ಅದು ಹೋಯಿತು. ಸರಾಸರಿಯಲ್ಲಿ ನಾವು 14 ಜನರನ್ನೂ 153ರಲ್ಲಿ ನಿಲ್ಲಿಸಿದ್ದೇವೆ. ಪಟ್ಟಿಯಲ್ಲಿ ಬರೆದ ಯಾವ ಎತ್ತರವೂ ತನ್ನ ಮಧ್ಯಬಿಂದುವಿನಿಂದ 2 ಸೆಂ.ಮೀ.ಗಿಂತ ದೂರ ಇಲ್ಲ. ಹಾಗಾಗಿ ಅವರು ಬರೆದುಕೊಂಡ 50 ಸಂಖ್ಯೆಗಳ ಸರಾಸರಿ 148.9 ಮತ್ತು 152.9ರ ನಡುವೆ ಎಲ್ಲೋ ಇದೆ, ಬಹುತೇಕ 150.9ರ ಹತ್ತಿರವೇ. 25ನೆಯವರೂ 26ನೆಯವರೂ ನಾಲ್ಕನೇ ವರ್ಗದಲ್ಲೇ ಇರುವುದರಿಂದ ಆ ಸಂಖ್ಯೆಗಳ ಮಧ್ಯಾಂಕ 151ರಿಂದ 155ರೊಳಗೆ ಇರಲೇಬೇಕು. ಬಹುಲಕಕ್ಕೆ ಇಷ್ಟು ಭರವಸೆಯೂ ಇಲ್ಲ. ಮೂರನೇ ವರ್ಗದ 12 ಜನರಲ್ಲಿ 8 ಜನ 148 ಸೆಂ.ಮೀ. ಇದ್ದು, ನಾಲ್ಕನೇ ವರ್ಗದ 14 ಜನ ಚೆದುರಿಕೊಂಡಿದ್ದರೆ, ನಿಜವಾದ ಬಹುಲಕ 148. ಅದು ನಮ್ಮ ವರ್ಗದಲ್ಲೇ ಇಲ್ಲ! ಮೂರರಲ್ಲಿ ಯಾವುದನ್ನು ಕಡಿಮೆ ನಂಬುತ್ತೀರಿ ಅಂತ ಕೇಳಿದರೆ ನಾನು ಬಹುಲಕ ಅನ್ನುತ್ತೇನೆ. ಅದಕ್ಕೇ ಉತ್ತರವನ್ನು ಎರಡು ದಶಮಾಂಶಕ್ಕೆ ನಿಲ್ಲಿಸಿದರೆ ಸಾಕು, 151.9285 ಅಂತ ಉದ್ದಕ್ಕೆ ಬರೆಯುವುದರಿಂದ ಏನೂ ಸಿಗುವುದಿಲ್ಲ.

ಸರಾಸರಿಗೆ ಯಾವ ವಿಧಾನ ಬಳಸಿದ ಅಂತ ನೀವು ಬರೆದಿಲ್ಲ. ನೇರ ವಿಧಾನ, ಅಂದಾಜು ಸರಾಸರಿ ವಿಧಾನ, ಹಂತ ವಿಚಲನ ವಿಧಾನ, ಮೂರರಲ್ಲೂ 150.9 ಬರಲೇಬೇಕು. ನೇರ ವಿಧಾನದಲ್ಲಿ 153 × 14 ಥರದ ಗುಣಾಕಾರ ಆರು ಸಲ ಮಾಡಿ 7545 ತಲುಪಬೇಕು, ಕೈ ತಪ್ಪುವುದು ಅಲ್ಲಿ. ಹಂತ ವಿಚಲನದಲ್ಲಿ 153 ಇಟ್ಟುಕೊಂಡರೆ ಮೊತ್ತ ಬರೀ −21. ಆದರೆ ಕೊನೆಗೆ 5ರಿಂದ ಗುಣಿಸಲು ಮರೆತರೆ 152.58, ಋಣ ಚಿಹ್ನೆ ಮರೆತರೆ 155.1. ಪ್ರಶ್ನೆಯಲ್ಲಿ ವಿಧಾನ ಹೆಸರಿಸದಿದ್ದರೆ ಅವನಿಗೆ ಕೈ ಕೂತಿದ್ದನ್ನು ಬಳಸಲಿ. ಇಂಥ ಮೂರಂಕಿ ಬೆಲೆಗಳಿಗೆ ನಾನಾದರೆ ಹಂತ ವಿಚಲನವನ್ನೇ ಆರಿಸುತ್ತೇನೆ.

ಕೊನೆಯದಾಗಿ, ಅರ್ಧ ಇಳಿಸಿ ಅರ್ಧ ಏರಿಸುವುದನ್ನು ಸಂದು ಕಂಡಲ್ಲೆಲ್ಲ ಕಣ್ಣು ಮುಚ್ಚಿ ಮಾಡುವ ಹಾಗಿಲ್ಲ. ವಯಸ್ಸಿನ ಪಟ್ಟಿ ಬಂದಾಗ ಎಚ್ಚರ. ನಾವು ವಯಸ್ಸು ಹೇಳುವಾಗ ಹತ್ತಿರದ ಸಂಖ್ಯೆ ಹೇಳುವುದಿಲ್ಲ, ತುಂಬಿದ ವರ್ಷ ಹೇಳುತ್ತೇವೆ. 19 ವರ್ಷ 11 ತಿಂಗಳಿನವರೂ 19 ಅನ್ನುತ್ತಾರೆ. ಹಾಗಾಗಿ 'ತುಂಬಿದ ವರ್ಷಗಳಲ್ಲಿ 15–19' ಅನ್ನುವ ವರ್ಗ 14.5ರಿಂದ 19.5 ಅಲ್ಲ, 15ರಿಂದ 20. ಮಧ್ಯಬಿಂದು 17 ಅಲ್ಲ, 17.5. ಇಲ್ಲಿ ಸರಾಸರಿಯೂ ಅರ್ಧ ವರ್ಷ ಬದಲಾಗುತ್ತದೆ, ಎತ್ತರದ ಪಟ್ಟಿಯ ಹಾಗೆ ತಪ್ಪಿಸಿಕೊಳ್ಳುವುದಿಲ್ಲ. ತುಂಬಿದ ವರ್ಷ ಅಂತ ಪ್ರಶ್ನೆಯಲ್ಲೇ ಇದ್ದರೆ ಹೀಗೆ ಮಾಡಿ, ಯಾವ ಗಡಿ ತೆಗೆದುಕೊಂಡೆ ಅಂತ ಪಟ್ಟಿಯ ಪಕ್ಕ ಒಂದು ಸಾಲು ಬರೆಯಲಿ. ಏನೂ ಹೇಳಿರದಿದ್ದರೆ ಶಾಲೆಯಲ್ಲಿ ಹೇಳಿಕೊಟ್ಟ 0.5ರ ಕ್ರಮವನ್ನೇ ಅನುಸರಿಸಲಿ, ಉತ್ತರದ ಹಾಳೆ ತಯಾರಿಸಿದವರೂ ಅದನ್ನೇ ಬಳಸಿರುತ್ತಾರೆ.